ನೋವು ನಿಂತ ಮೇಲೆ ಬಂದ ಊತ

ಆಸ್ಪತ್ರೆಯಿಂದ ಮನೆಗೆ ಮರಳಿದ್ದೇನೆ. ನನ್ನನ್ನು ಉಳಿಸಿದವರಿಗೆ ಕೃತಜ್ಞತೆ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಎಡಗಡೆಯ ಕೆಳದವಡೆಯ ಹುಳುಕು ಹಲ್ಲು ಮೂರು ರಾತ್ರಿ ನಿದ್ದೆಗೆಡಿಸಿ, ನಾಲ್ಕನೆಯ ಬೆಳಗ್ಗೆ ನೋವು ತಟ್ಟನೆ ಇಳಿದಾಗ, ಮನೆಯಲ್ಲಿ ಮಿಕ್ಕಿದ್ದ ಆ್ಯಂಟಿಬಯಾಟಿಕ್ ಮಾತ್ರೆಗಳೇ ಕೆಲಸ ಮಾಡಿದವೆಂದು ನಂಬಿ ದಂತವೈದ್ಯರ ಭೇಟಿಯನ್ನು ರದ್ದು ಮಾಡಿದೆ.

ನಿಜವಾಗಿ ಆಗಿದ್ದೇ ಬೇರೆ. ಬೇರಿನ ತುದಿಯಲ್ಲಿ ಮೂಳೆಯೊಳಗೆ ಸಿಕ್ಕಿಕೊಂಡಿದ್ದ ಕೀವು ಮೂಳೆಯನ್ನು ಕೊರೆದು ಹೊರಬಿದ್ದಿತ್ತು. ಒತ್ತಡ ಇಳಿದದ್ದರಿಂದ ನೋವೂ ಇಳಿದಿತ್ತು. ಕೆಳಗಿನ ಹಿಂದಿನ ದವಡೆ ಹಲ್ಲುಗಳ ಬೇರುಗಳು ಬಾಯಿಯ ತಳವನ್ನು ಹೊತ್ತಿರುವ ಸ್ನಾಯುವಿಗಿಂತಲೂ ಕೆಳಕ್ಕೆ ಇಳಿದಿರುವುದುಂಟು. ಆಗ ಕೀವು ವಸಡಿನಲ್ಲಿ ಗುಳ್ಳೆಯಾಗಿ ಒಡೆಯದೆ ದವಡೆಯ ಅಡಿಗೆ, ಅಲ್ಲಿಂದ ಕತ್ತಿನ ಕಡೆಗೆ ಹರಡುತ್ತದೆ. ಸತ್ತ ಹಲ್ಲಿನೊಳಗೆ ರಕ್ತ ಸಂಚಾರವಿಲ್ಲದ ಕಾರಣ ಮಾತ್ರೆಯ ಔಷಧ ಅಲ್ಲಿಗೆ ತಲುಪುವುದೇ ಇಲ್ಲ ಎಂಬುದನ್ನೂ ಆಮೇಲೆ ತಿಳಿದೆ.

ಮರುದಿನ ಸಂಜೆಗೆ ದವಡೆಯ ಅಂಚು ಬೆರಳಿಗೆ ಸಿಗದಷ್ಟು ಊದಿಕೊಂಡಿತು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನಂತೆ ನಾನು ಮಾತಾಡುತ್ತಿರುವುದನ್ನೂ, ಎಂಜಲು ನುಂಗಲಾಗದೆ ದಿಂಬು ಒದ್ದೆಯಾಗಿರುವುದನ್ನೂ ಗಮನಿಸಿದವಳು ಅಕ್ಕ. "ಬೆಳಗಾಗಲಿ" ಎಂಬ ನನ್ನ ಮಾತಿಗೆ ಅವಳು ಕಿವಿಗೊಡಲಿಲ್ಲ. ಅವಳಿಗೆ ಹೇಗೆ ಧನ್ಯವಾದ ಹೇಳುವುದೋ ತಿಳಿಯದು.

ದಂತವೈದ್ಯೆ ಮೊದಲು ನೋಡಿದ್ದು ಹಲ್ಲನ್ನಲ್ಲ. ಬಾಯಿ ತೆರೆಯಲು ಹೇಳಿದರು. ಸಾಮಾನ್ಯವಾಗಿ ಮೂರು ಬೆರಳು ಹಿಡಿಯುವಲ್ಲಿ ಒಂದೇ ಬೆರಳು ಹೋಯಿತು. ನಾಲಿಗೆಯ ಕೆಳಭಾಗವನ್ನು ಒತ್ತಿದರು, ಹಲಗೆಯಂತೆ ಗಟ್ಟಿಯಾಗಿತ್ತು. ಊತ ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿದರೆ ಉಸಿರಿನ ದಾರಿಯೇ ಮುಚ್ಚಬಹುದೆಂದು ಅಕ್ಕನಿಗೆ ವಿವರಿಸಿ, ಮಾತ್ರೆ ಬರೆದು ಕಳುಹಿಸದೆ ತಾವೇ ಆಸ್ಪತ್ರೆಗೆ ಫೋನ್ ಮಾಡಿದರು. ನನ್ನನ್ನು ಮಲಗಿಸದೆ ಕೂರಿಸಿಕೊಂಡೇ ಕರೆದೊಯ್ಯಬೇಕೆಂಬ ಅವರ ಸೂಚನೆಯ ಬೆಲೆ ದಾರಿಯಲ್ಲಿ ಒಮ್ಮೆ ಹಿಂದಕ್ಕೆ ಒರಗಿದಾಗ ನನಗೆ ಅರಿವಾಯಿತು.

ದವಡೆ ತೆರೆಯದ ರೋಗಿಗೆ ಮೊದಲೇ ಪೂರ್ಣ ಅರಿವಳಿಕೆ ಕೊಡುವುದು ಅಪಾಯವಾದ್ದರಿಂದ, ಅರಿವಳಿಕೆ ತಜ್ಞರು ನಾನು ಎಚ್ಚರವಿರುವಾಗಲೇ ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ನಳಿಕೆಯ ಸಹಾಯದಿಂದ ಉಸಿರಿನ ಕೊಳವೆಯನ್ನು ಇಳಿಸಿದರು. ಆ ಕೆಲವು ನಿಮಿಷ ಅವರು ಎಷ್ಟು ಸಮಾಧಾನದಿಂದ "ಈಗ ಉಸಿರು ಎಳೆದುಕೊಳ್ಳಿ" ಎನ್ನುತ್ತಿದ್ದರೆಂಬುದು ನನಗೆ ಶಸ್ತ್ರಚಿಕಿತ್ಸೆಗಿಂತಲೂ ಹೆಚ್ಚು ನೆನಪಿದೆ. ಶಸ್ತ್ರವೈದ್ಯರು ದವಡೆಯ ಕೆಳಗೆ ಕೊಯ್ದು ಕೀವು ತೆಗೆದು, ಉಳಿದದ್ದು ಸೋರಿಹೋಗಲು ರಬ್ಬರ್ ನಳಿಕೆಯಿಟ್ಟು, ಮೂಲವಾದ ಹಲ್ಲನ್ನೂ ಅದೇ ಸರದಿಯಲ್ಲಿ ಕಿತ್ತರು. ಸೋರಿಕೆ ನಿಂತ ಮೇಲೆ, ಮೂರನೆಯ ದಿನ, ನಳಿಕೆ ತೆಗೆದರು. ರಾತ್ರಿಯೆಲ್ಲ ನನ್ನ ಉಸಿರನ್ನು ಎಣಿಸಿದ ಶುಶ್ರೂಷಕಿಯರಿಗೂ ನಾನು ಋಣಿ.

ಬಿಗಿದ ದವಡೆ ಸಡಿಲಗೊಳ್ಳಲು ಈಗ ದಿನವೂ ವ್ಯಾಯಾಮ ಮಾಡುತ್ತಿದ್ದೇನೆ. ನಿನ್ನೆ ಎರಡು ಬೆರಳು ಹಿಡಿಯಿತು. ಅಕ್ಕ ತಾನೇ ಬಂದು ಅಳೆದು ನೋಡಿದಳು.