ಮೂರು ಪ್ರಶ್ನೆಗೆ ಮೂರು ಉತ್ತರ

ಪ್ರೀತಿಯ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಸರ್ವಿಸ್ ಎಂಜಿನಿಯರ್ ಕೆಲಸಕ್ಕೆ ಮುಂದಿನ ವಾರ ಸಂದರ್ಶನವಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಅರ್ಜಿಯಲ್ಲೇ ಮೂರು ಪ್ರಶ್ನೆ ಇದ್ದವಂತೆ: ಬೇರೆ ಊರಿಗೆ ಹೋಗುತ್ತೀರಾ, ರಾತ್ರಿ ಪಾಳಿ ಮಾಡುತ್ತೀರಾ, ಪದೇ ಪದೇ ಟೂರ್ ಹೋಗುತ್ತೀರಾ. ನೀನು ಮೂರಕ್ಕೂ ‘ಹೌದು’ ಒತ್ತಿದ್ದೀಯಂತೆ. ಒತ್ತಿದ್ದು ತಪ್ಪಲ್ಲ, ‘ಇಲ್ಲ’ ಅಂದಿದ್ದರೆ ಬಹುಶಃ ಕರೆಯೇ ಬರುತ್ತಿರಲಿಲ್ಲ. ಆದರೆ ಎದುರು ಕೂತು ಕೇಳಿದಾಗ ಅದೇ ಒಂದು ಪದ ಸಾಲದು.

ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವನು ನಾನು. ಕೊನೆಯ ಒಂಬತ್ತು ವರ್ಷ ಮೇಜಿನ ಆಚೆ ಬದಿ ಕೂತು ನಿನ್ನಂಥ ಮಕ್ಕಳನ್ನು ಸಂದರ್ಶನ ಮಾಡಿದ್ದೂ ಉಂಟು. “ಎಲ್ಲಿಗೆ ಬೇಕಾದ್ರೂ ಹೋಗ್ತೀನಿ ಸರ್” ಅಂದವರಿಗೆ ನಾನು ತಕ್ಷಣ ಇನ್ನೊಂದು ಪ್ರಶ್ನೆ ಹಾಕುತ್ತಿದ್ದೆ: “ಬರೋ ಸೋಮವಾರ ಲೂಧಿಯಾನಕ್ಕೆ, ಮೂರು ವಾರ?” ಹತ್ತರಲ್ಲಿ ಏಳು ಜನ ಅಲ್ಲೇ ಕಣ್ಣು ತಗ್ಗಿಸುತ್ತಿದ್ದರು. ಮೊದಲಿನ ಹೌದನ್ನು ಅವರು ಯೋಚಿಸದೆ ಹೇಳಿದ್ದರು ಎನ್ನುವುದು ಅಷ್ಟಕ್ಕೇ ಗೊತ್ತಾಗುತ್ತಿತ್ತು. “ಮೂರು ವಾರ ಆಗುತ್ತೆ ಸರ್, ಆದ್ರೆ ಹೊರಡೋಕೆ ಮುಂಚೆ ಎರಡು ದಿನ ಬೇಕು” ಅಂದವರನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಅಂಥವರನ್ನು ನಂಬಿ ಗಿರಾಕಿಗೆ ತಾರೀಕು ಕೊಡಬಹುದಿತ್ತು.

ಮೊದಲು ಟೂರಿನ ವಿಷಯ ಹೇಳುತ್ತೇನೆ, ನಿನ್ನ ಕೆಲಸದಲ್ಲಿ ಅದೇ ದೊಡ್ಡದು. ‘ಶೇಕಡಾ 50 ಪ್ರಯಾಣ’ ಎಂದು ಹಾಕಿದ್ದಾರಂತೆ. ತಿಂಗಳಿಗೆ ಇಪ್ಪತ್ತೆರಡು ಕೆಲಸದ ದಿನ ಎಂದರೆ ಹನ್ನೊಂದು ದಿನ ಹೊರಗೆ, ವಾರಕ್ಕೆ ಎರಡು ಮೂರು ದಿನ ಎಂದು ನೀನು ಲೆಕ್ಕ ಹಾಕಿರುತ್ತೀಯ. ಅದು ಹಾಗೆ ಹಂಚಿಕೊಂಡು ಬರುವುದಿಲ್ಲ. ಯಂತ್ರ ಕೂರಿಸಲು ಐದು ದಿನವೆಂದು ಹೊರಟಿರುತ್ತೀಯ. ಅಲ್ಲಿ ಹೋಗಿ ನೋಡಿದರೆ ಅಡಿಪಾಯದ ಕಾಂಕ್ರೀಟ್ ಇನ್ನೂ ಹಸಿ, ಅರ್ಥಿಂಗ್ ಆಗಿಲ್ಲ, ಕಂಪ್ರೆಸರಿನ ಗಾಳಿಯ ಪೈಪು ಬಂದಿಲ್ಲ, ಯಂತ್ರ ಮರದ ಪೆಟ್ಟಿಗೆಯಲ್ಲೇ ಕೂತಿದೆ. ಐದು ದಿನ ಹನ್ನೆರಡಾಗುತ್ತದೆ. ಆಮೇಲೆ ಒಂದು ತಿಂಗಳು ಆಫೀಸಿನಲ್ಲೇ ಇರುತ್ತೀಯ. ಹಾಗಾಗಿ ಅವರ ಶೇಕಡಾವಾರು ಹಿಡಿದುಕೊಂಡು ಮಾತಾಡಬೇಡ. “ಕಳೆದ ವರ್ಷ ಈ ತಂಡದವರು ಒಂದೇ ಸಲಕ್ಕೆ ಅತಿ ಹೆಚ್ಚು ಎಷ್ಟು ದಿನ ಹೊರಗಿದ್ದರು? ಎಷ್ಟು ದಿನ ಮುಂಚೆ ಹೇಳ್ತೀರಿ?” ಎಂದು ಕೇಳು. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ನಿನ್ನ ಹೌದು ಎಷ್ಟು ದೂರ ಹೋಗಬಹುದು ಎಂದು ನಿನಗೇ ತಿಳಿಯುತ್ತದೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, 1994ರಲ್ಲಿ ನಾನೂ ಎಲ್ಲದಕ್ಕೂ ಹೂಂ ಅಂದವನೇ. ರಾಜಕೋಟಕ್ಕೆ ಕಳಿಸಿದರು. ಎಂಟು ದಿನದ ಕೆಲಸ ಒಂದೂವರೆ ತಿಂಗಳಾಯಿತು. ನಡುವೆ ನಮ್ಮಮ್ಮನ, ಅಂದರೆ ನಿನ್ನ ಅಜ್ಜಿಯ, ಕಣ್ಣಿನ ಪೊರೆಯ ಆಪರೇಷನ್. ರಜೆ ಕೇಳಿದರೆ ಮ್ಯಾನೇಜರ್ ಸಿಟ್ಟಾಗಲಿಲ್ಲ, “ಮನೇಲಿ ಏನೂ ತೊಂದರೆ ಇಲ್ಲ ಅಂದಿದ್ರಲ್ಲ?” ಎಂದು ಮೆತ್ತಗೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಸ್ಪತ್ರೆಯಲ್ಲಿ ಅಜ್ಜಿಯ ಪಕ್ಕ ಕೂತವಳು ನಿನ್ನಮ್ಮ. ಈಗಲೂ ಸಮಯ ಸಿಕ್ಕರೆ ನೆನಪಿಸುತ್ತಾಳೆ.

ಈಗ ನಿನ್ನ ಮನೆಯ ಲೆಕ್ಕಕ್ಕೆ ಬರೋಣ. ಭಾವನಿಗೆ ತಿಂಗಳಿಗೊಂದು ಸಲ ಕಣ್ಣಿಗೆ ಇಂಜೆಕ್ಷನ್ ಕೊಡಿಸಬೇಕು, ಅರಸೀಕೆರೆಯಿಂದ ಬೆಂಗಳೂರಿಗೆ ಕರೆತಂದು ಸಂಜೆಯ ರೈಲು ಹತ್ತಿಸುವವಳು ನೀನೊಬ್ಬಳೇ. ಅದೊಂದೇ ನಿನ್ನ ನಿಜವಾದ ಅಡ್ಡಿ. ಅದು ತಿಂಗಳಿಗೆ ಒಂದು ದಿನ, ಮುಂಚೆಯೇ ಗೊತ್ತಿರುವ ದಿನ. ಅದನ್ನು ‘ಮನೆ ಕಡೆ ಸ್ವಲ್ಪ ಜವಾಬ್ದಾರಿ ಇದೆ’ ಅಂದುಬಿಟ್ಟರೆ ಕೇಳಿದವನು ಹತ್ತು ದಿನ ಎಂದುಕೊಳ್ಳುತ್ತಾನೆ. ಹೀಗೆ ಹೇಳು, ಇಂಗ್ಲಿಷಿಗೆ ನೀನೇ ತಿರುಗಿಸಿಕೋ: “ಪ್ರಯಾಣ ಒಪ್ಪಿಗೆ ಸರ್. ಒಂದೇ ಸಲಕ್ಕೆ ಮೂರು ವಾರದವರೆಗೆ ಇರಬಲ್ಲೆ. ತಿಂಗಳಿಗೊಂದು ದಿನ ಬೆಂಗಳೂರಲ್ಲಿ ಇರಲೇಬೇಕು, ಆ ತಾರೀಕನ್ನು ಮೂರು ವಾರ ಮುಂಚೆ ಕೊಡ್ತೀನಿ.” ಕಾಯಿಲೆಯ ವಿವರ ಬೇಡ. ಮದುವೆ ಯಾವಾಗ ಎಂದು ಯಾರಾದರೂ ಬಾಯಿ ಹಾಕಿದರೂ ಇದೇ ಮಾತನ್ನು ಇನ್ನೊಮ್ಮೆ ಹೇಳು, ಬೇರೇನೂ ಹೇಳಬೇಕಿಲ್ಲ.

ಟೂರಿನ ದುಡ್ಡಿನ ಬಗ್ಗೆಯೂ ಒಂದು ಮಾತು. ಹೋಟೆಲು, ಟಿಕೆಟ್ಟಿಗೆ ಕಂಪನಿ ಅಡ್ವಾನ್ಸ್ ಕೊಡುತ್ತದೋ, ನೀನು ಹಾಕಿ ಆಮೇಲೆ ಬಿಲ್ಲು ಕೊಡಬೇಕೋ ಎನ್ನುವುದನ್ನು ಮೊದಲ ಸುತ್ತಿನಲ್ಲಿ ಎತ್ತಬೇಡ, ಆಫರ್ ಬಂದ ಮೇಲೆ ಎಚ್‌ಆರ್ ಹತ್ತಿರ ಕೇಳು. ಮೊದಲ ಸಂಬಳವೇ ಬರದ ಹುಡುಗಿ ಮೂವತ್ತು ಸಾವಿರ ಕೈಯಿಂದ ಹಾಕಿ ಕಾಯುವ ಹಾಗಾಗಬಾರದು.

ರಾತ್ರಿ ಪಾಳಿ. ಇವರ ಯಂತ್ರಗಳು ಅಮೆರಿಕದಲ್ಲೂ ಇವೆ, ಫೋನಿನಲ್ಲಿ ಸಹಾಯ ಮಾಡುವ ತಂಡಕ್ಕೆ ಪಾಳಿ ಹಾಕುತ್ತಾರಂತೆ. ಅಲ್ಲಿನ ಪೂರ್ವ ಕರಾವಳಿಯ ಬೆಳಗ್ಗೆ 8ರಿಂದ ಸಂಜೆ 5 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 5.30ರಿಂದ ರಾತ್ರಿ 2.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ಮಾರ್ಚ್‌ವರೆಗೆ ನಿನಗೆ 6.30ರಿಂದ 3.30. ಇಂಗ್ಲೆಂಡಿನ ಗಿರಾಕಿಯಾದರೆ ಮಧ್ಯರಾತ್ರಿಯೊಳಗೆ ಮನೆ ಸೇರಬಹುದು. ಹಾಗಾಗಿ ‘ರಾತ್ರಿ’ ಅಂದರೆ ಯಾವ ದೇಶದ ಹಗಲು, ಕಾಯಂ ರಾತ್ರಿಯೋ ಸರದಿಯೋ, ಸರದಿಯಾದರೆ ಎಷ್ಟು ವಾರಕ್ಕೊಮ್ಮೆ ಬದಲು, ಇಷ್ಟನ್ನು ಕೇಳು. ವಾರ ವಾರ ಬದಲಾಗುವ ಪಾಳಿ ಕಾಯಂ ರಾತ್ರಿಗಿಂತ ಕಷ್ಟ, ನಿದ್ದೆ ಯಾವ ಗಳಿಗೆಗೂ ಹೊಂದುವುದಿಲ್ಲ. ನೀನು ರಾತ್ರಿ ಕೆಲಸ ಮಾಡಿಯೇ ಇಲ್ಲ, ಆದ್ದರಿಂದ “ಅಭ್ಯಾಸ ಇದೆ” ಅನ್ನಬೇಡ. “ತಿಂಗಳಿಗೊಂದು ವಾರದ ಸರದಿ ಒಪ್ಪಿಗೆ, ಕಾಯಂ ರಾತ್ರಿಗೆ ಈಗಲೇ ಮಾತು ಕೊಡಲಾರೆ, ಎರಡು ತಿಂಗಳು ಮಾಡಿ ನೋಡಿ ಹೇಳ್ತೀನಿ” ಅನ್ನು. ಮನೆಯಿಂದ ಮನೆಗೆ ವಾಹನ ಇದೆಯೇ ಎಂದು ಸಂಕೋಚವಿಲ್ಲದೆ ಕೇಳು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ರಾತ್ರಿ ಕೆಲಸ ಕೊಡಲು ವಾಹನ ಮತ್ತು ಭದ್ರತೆಯ ಷರತ್ತುಗಳಿವೆ, ಅದೇನು ಅವರ ಧರ್ಮಕ್ಕೆ ಕೊಡುವುದಲ್ಲ. ನಿನ್ನ ಪಿ.ಜಿ.ಯ ಗೇಟು ರಾತ್ರಿ ಮೂರೂವರೆಗೆ ತೆಗೆಯುತ್ತಾರೋ ಎಂದೂ ವಿಚಾರಿಸು. ಇದನ್ನು ಯಾರೂ ಯೋಚಿಸುವುದಿಲ್ಲ.

ಪುಣೆಗೆ ಹೋಗುವ ಮಾತು ಎರಡು ವರ್ಷದ ಮೇಲೆ ಬರಬಹುದಂತೆ. ಅದಕ್ಕೆ ಈಗ ಹೌದೂ ಬೇಡ, ಇಲ್ಲವೂ ಬೇಡ. “ಮೊದಲ ವರ್ಷ ಬೆಂಗಳೂರೇ ಬೇಕು, ಆಮೇಲೆ ಎರಡು ತಿಂಗಳ ಮುಂಚೆ ಹೇಳಿದ್ರೆ ಪುಣೆ ಬಗ್ಗೆ ಮಾತಾಡೋಣ” ಅಂದರೆ ಅದು ನಿಜವೂ ಹೌದು, ಬಾಗಿಲೂ ತೆರೆದಿರುತ್ತದೆ. ಆದರೆ ಒಂದು ತಿಳಿದಿರಲಿ: ಆಫರ್ ಲೆಟರಿನಲ್ಲಿ ‘ಭಾರತದ ಯಾವುದೇ ಶಾಖೆಗೆ ವರ್ಗಾಯಿಸಬಹುದು’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಬಾಯಿಮಾತಿನಿಂದ ಅದು ಅಳಿಯುವುದಿಲ್ಲ. ಸಹಿ ಹಾಕುವ ಮುಂಚೆ, ಮಾತಾಡಿಕೊಂಡ ಮೂರೂ ವಿಷಯವನ್ನು ನಾಲ್ಕು ಸಾಲಿನ ಮೇಲ್‌ನಲ್ಲಿ ಬರೆದು “ನಾನು ಅರ್ಥ ಮಾಡಿಕೊಂಡಿದ್ದು ಸರಿಯೇ” ಎಂದು ಎಚ್‌ಆರ್‌ಗೆ ಕಳಿಸು. ಅದರಿಂದ ವರ್ಗಾವಣೆ ನಿಲ್ಲುತ್ತದೆ ಅಂತಲ್ಲ. ನೀನು ಏನು ಹೇಳಿದ್ದೆ, ಏನು ಹೇಳಿರಲಿಲ್ಲ ಎನ್ನುವುದಕ್ಕೆ ಒಂದು ಕಾಗದ ಇರುತ್ತದೆ, ಅಷ್ಟೇ. ಉತ್ತರವೇ ಬರದಿದ್ದರೆ ಸಹಿಗೆ ಮುಂಚೆ ನನಗೊಂದು ಫೋನ್ ಮಾಡು.

ಭಾವನ ಮುಂದಿನ ಇಂಜೆಕ್ಷನ್ ತಾರೀಕನ್ನು ಅಕ್ಕನಿಂದ ಕೇಳಿ ಚೀಟಿಯಲ್ಲಿ ಬರೆದುಕೊಂಡೇ ಹೋಗು, ಅಲ್ಲಿ ಅಂದಾಜಿನಲ್ಲಿ ಹೇಳಬೇಡ.

ಇಂತಿ ನಿನ್ನ ಸೋದರಮಾವ