ರಂಗನಿಗೆ, ನಲವತ್ತು ಪರ್ಸೆಂಟ್ ವಿಚಾರವಾಗಿ

ಪ್ರಿಯ ರಂಗ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ: ನಾಲ್ಕು ಜನ ಸಾಕ್ಷಿ ಇದ್ದರೆ ಆಮೇಲೆ "ನೀನು ಹಾಗೆ ಹೇಳಲೇ ಇಲ್ಲ" ಅನ್ನಲಾರೆ. ಹಳದಿ ಛತ್ರಿಯ ವಿಷಯದಲ್ಲಿ ಪಾಠ ಕಲಿತಿದ್ದೇನೆ ಮಾರಾಯ.

ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಬದಲಿಗೆ ಇಡಿಗಂಟು ತೆಗೆದುಕೊಳ್ಳುವ ಕಮ್ಯುಟೇಶನ್ ಮಾಡಿಸಲೋ ಬೇಡವೋ ಅಂತ ಕೇಳಿದ್ದೀಯ. ಇಬ್ಬರೂ ಕೇಂದ್ರ ಸರ್ಕಾರದ ಹಳೇ ಪಿಂಚಣಿಯವರು, ಇಬ್ಬರದೂ ಮಾರ್ಚ್ 31ಕ್ಕೆ ಮುಗಿಯುತ್ತದೆ, ಆದ್ದರಿಂದ ನನ್ನ ಲೆಕ್ಕವೇ ನಿನಗೂ ಆದೀತು. (2004ರಿಂದ ಈಚೆಗೆ ಸೇರಿದ ಹುಡುಗರಿಗೆ ಈ ತಲೆನೋವು ಇಲ್ಲ. ಅವರದು ಬೇರೆ ತಲೆನೋವು.)

ಗುಂಡಗೆ 40,000 ಮೂಲ ಪಿಂಚಣಿ ಅಂತ ಹಿಡಿ. ಅದರಲ್ಲಿ ಹೆಚ್ಚೆಂದರೆ ಶೇಕಡ 40, ಅಂದರೆ 16,000 ಬಿಟ್ಟುಕೊಡಬಹುದು. ನಿವೃತ್ತಿಯಾದ ಮೇಲೆ ಬರುವ ಹುಟ್ಟುಹಬ್ಬಕ್ಕೆ ನಮಗೆ 61. ಆ ವಯಸ್ಸಿಗೆ ಸರ್ಕಾರದ ಕಮ್ಯುಟೇಶನ್ ಕೋಷ್ಟಕದಲ್ಲಿ ಕೊಟ್ಟಿರುವ ಅಂಕಿ 8.194. ಹದಿನಾರು ಸಾವಿರವನ್ನು ಹನ್ನೆರಡರಿಂದ ಗುಣಿಸಿ, ಆಮೇಲೆ 8.194ರಿಂದ ಗುಣಿಸಿದರೆ 15,73,248 ರೂಪಾಯಿ. ಅದು ಇಡಿಗಂಟಾಗಿ ಕೈಗೆ ಬರುತ್ತದೆ. ನಮ್ಮಂಥ ಸರ್ಕಾರಿ ನೌಕರರಿಗೆ ಅದರ ಮೇಲೆ ಆದಾಯ ತೆರಿಗೆ ಇಲ್ಲ. ತಿಂಗಳ ಮೂಲ ಪಿಂಚಣಿ 24,000ಕ್ಕೆ ಇಳಿಯುತ್ತದೆ. ಆದರೆ ತುಟ್ಟಿಭತ್ಯೆಯನ್ನು ಪೂರ್ತಿ 40,000ದ ಮೇಲೇ ಲೆಕ್ಕ ಹಾಕುತ್ತಾರೆ. ನಮ್ಮ ಮೂರನೇ ಟೇಬಲ್ಲಿನ ಮಹಾನುಭಾವರು ಇದನ್ನು ಕೊನೆಯವರೆಗೂ ನಂಬಲಿಲ್ಲ, ನೆನಪಿದೆಯಾ? ಮುಂದೆ ವೇತನ ಆಯೋಗ ಬಂದು ಪಿಂಚಣಿ ಏರಿದರೂ ಕಡಿತ ಮಾತ್ರ ಅದೇ 16,000ಕ್ಕೆ ನಿಂತಿರುತ್ತದೆ. ಹದಿಮೂರನೇ ವರ್ಷದ ಹದಿನಾರು ಸಾವಿರ ಇವತ್ತಿನಷ್ಟು ನೋಯುವುದಿಲ್ಲ.

ಈ ಕಡಿತ ಹದಿನೈದು ವರ್ಷ ನಡೆಯುತ್ತದೆ. ಆಮೇಲೆ ಪೂರ್ತಿ ಪಿಂಚಣಿ ವಾಪಸ್. ಹಿಂದೆ ಹೀಗಿರಲಿಲ್ಲ, ಒಮ್ಮೆ ಬಿಟ್ಟುಕೊಟ್ಟರೆ ಸಾಯುವವರೆಗೂ ಕಡಿತವೇ. ಕಾಮನ್ ಕಾಸ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಗಿ, 1986ರಲ್ಲಿ ತೀರ್ಪು ಬಂದ ಮೇಲೆ ಈ ಹದಿನೈದು ವರ್ಷ ಗಟ್ಟಿಯಾಯಿತು. ಹನ್ನೆರಡಕ್ಕೆ ಇಳಿಸಿ ಅಂತ ಸಂಘಗಳು ಕೇಳುತ್ತಲೇ ಇವೆ. ಕೇಳುವುದರಲ್ಲಿ ನ್ಯಾಯವಿದೆ. ತಿಂಗಳಿಗೆ 16,000ದಂತೆ 180 ತಿಂಗಳು ಅಂದರೆ 28,80,000. ಪಡೆದದ್ದು ಹದಿನೈದೂ ಮುಕ್ಕಾಲು ಲಕ್ಷದ ಒಳಗೆ. ಇದನ್ನು ಸಾಲ ಅಂತ ನೋಡಿದರೆ ಬಡ್ಡಿ ಸುಮಾರು ಶೇಕಡ 9 ಆಗುತ್ತದೆ. ಹನ್ನೆರಡು ವರ್ಷಕ್ಕೇ ನಿಲ್ಲಿಸಿದರೆ ಏಳರ ಒಳಗೆ ಬರುತ್ತದೆ. ಬೇರೆ ಕಡೆ ತೆಗೆದ ಸಾಲಕ್ಕೆ ಇದಕ್ಕಿಂತ ಹೆಚ್ಚು ಬಡ್ಡಿ ಕಟ್ಟುತ್ತಿದ್ದರೆ ಇದನ್ನು ತೆಗೆದುಕೊಂಡು ಅದನ್ನು ತೀರಿಸು. ಸುಮ್ಮನೆ ಠೇವಣಿ ಇಡುವುದಕ್ಕಾದರೆ ಬೇಡ.

ಆದರೆ ಇದು ಬರೀ ಸಾಲವಲ್ಲ, ರಂಗ. ಸಾಲಗಾರ ಸತ್ತರೆ ಸಾಲ ಮನೆಯವರ ಬೆನ್ನು ಹತ್ತುತ್ತದೆ. ಇಲ್ಲಿ ಹದಿನೈದು ವರ್ಷದೊಳಗೆ ನಾವು ಹೋದರೆ ಬಾಕಿ ಅಲ್ಲಿಗೇ ಮುಗಿಯಿತು. ಹೆಂಡತಿಗೆ ಬರುವ ಕುಟುಂಬ ಪಿಂಚಣಿಯಲ್ಲಿ ಒಂದು ರೂಪಾಯಿಯನ್ನೂ ಇದಕ್ಕಾಗಿ ಹಿಡಿಯುವುದಿಲ್ಲ. ಕೋರ್ಟು ಕೂಡ ಇದನ್ನೇ ಹೇಳಿತು: ಕಮ್ಯುಟೇಶನ್ನಿನಲ್ಲಿ ಇಡಿಗಂಟಿನ ಅನುಕೂಲವೊಂದಾದರೆ, ರಿಸ್ಕ್ ತಪ್ಪುವ ಅನುಕೂಲ ಇನ್ನೊಂದು. ಬೇಗ ಹೋದವರ ಬಾಕಿಯನ್ನು ಬದುಕಿ ಉಳಿದವರು ತೀರಿಸುತ್ತಾರೆ.

ಆ ರಿಸ್ಕ್ ಅಂದರೆ ನಾನೇ.

ಇದು ಹೊಳೆದದ್ದು ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕುತ್ತಾ ಕೂತಾಗ. ಒಂದೊಂದು ವರ್ಷದ ಎದುರಿಗೆ "ಈ ವರ್ಷ ನಾನಿಲ್ಲದಿದ್ದರೆ" ಅಂತ ಒಂದು ಕಾಲಂ ಮಾಡಿದ್ದೆ. ಮೂರನೇ ವರ್ಷಕ್ಕೆ ಹೋದರೆ ಭರ್ಜರಿ ಲಾಭ. ಐದಕ್ಕೂ ಚೆನ್ನಾಗಿದೆ. ಬಡ್ಡಿ ಬಿಟ್ಟು ಅಸಲು ಮಾತ್ರ ನೋಡಿದರೆ 8 ವರ್ಷ 2 ತಿಂಗಳ ಸುಮಾರಿಗೆ ಸರಿಸಮ. ಅಂದರೆ ನನಗೆ ಅರವತ್ತೆಂಟಾದಾಗ.

ಅಪ್ಪ ಹೋದದ್ದು ಅರವತ್ತೆಂಟಕ್ಕೆ. ನಿನಗೆ ಗೊತ್ತು, ನೀನೂ ಹೆಗಲು ಕೊಟ್ಟವನು. ಗೊತ್ತಿಲ್ಲದ್ದು ಇಷ್ಟು: ಅವತ್ತಿನಿಂದ ನನ್ನ ಮನಸ್ಸಿನ ಎಲ್ಲ ಲೆಕ್ಕವೂ ಅಲ್ಲಿಗೇ ನಿಲ್ಲುತ್ತದೆ. ಮಗಳ ಓದು, ಮನೆಯ ಸಾಲ, ಎಲ್ಲವನ್ನೂ "ಅಷ್ಟರೊಳಗೆ" ಅಂತಲೇ ಜೋಡಿಸಿಕೊಂಡು ಬಂದಿದ್ದೇನೆ. ಯಾರಿಗೂ ಹೇಳಿಲ್ಲ. ಕೋಷ್ಟಕದಲ್ಲಿ ಎಪ್ಪತ್ತೈದನೇ ವಯಸ್ಸಿನ ಸಾಲು, ಪೂರ್ತಿ 40,000 ವಾಪಸ್ ಬರುವ ಸಾಲು, ಬೇರೆ ಯಾರದೋ ಲೆಕ್ಕದ ಹಾಗೆ ಕಂಡಿತು. ಅದಕ್ಕಿಂತ ಕೆಟ್ಟದ್ದೆಂದರೆ ಐದನೇ ವರ್ಷದ ಲಾಭ ನೋಡಿ ಒಂದು ಗಳಿಗೆ ನನಗೆ ನಿಜವಾಗಿಯೂ ಖುಷಿಯಾಯಿತು. ಸರ್ಕಾರಕ್ಕೆ ಟೋಪಿ ಹಾಕಿದ ಖುಷಿ. "ಏನು ಒಬ್ಬರೇ ನಗ್ತಿದೀರಿ?" ಅಂತ ಇವಳು ಒಳಗಿನಿಂದ ಕೇಳಿದಳು. ಫೈಲ್ ಮುಚ್ಚಿಬಿಟ್ಟೆ.

ಸರಿ ಸರಿ. ಇಷ್ಟು ಬರೆಯುವ ಉದ್ದೇಶ ಇರಲಿಲ್ಲ. ಕೆಳಗೆ "ಧೈರ್ಯವಾಗಿರಿ ಸರ್" ಅಂತ ಹೂಗುಚ್ಛ ಹಾಕಲು ಹೊರಟವರು ದಯವಿಟ್ಟು ತಡೆಯಿರಿ, ಬಿಪಿ ಬಿಟ್ಟರೆ ನನಗೇನೂ ಇಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಅರ್ಜಿಯನ್ನು ನಿವೃತ್ತಿಗೆ ಮುಂಚೆಯೇ ಪಿಂಚಣಿ ಕಾಗದಗಳ ಜೊತೆ ಕೊಟ್ಟುಬಿಡು. ನಿವೃತ್ತಿಯಾಗಿ ಒಂದು ವರ್ಷದೊಳಗಾದರೆ ವೈದ್ಯಕೀಯ ಪರೀಕ್ಷೆ ಇಲ್ಲ. ವರ್ಷ ದಾಟಿದರೆ ಇದೆ, ಅಲ್ಲಿ ಡಾಕ್ಟರು ನಮ್ಮ ಆರೋಗ್ಯ ನೋಡಿ ಲೆಕ್ಕಕ್ಕೆ ವಯಸ್ಸನ್ನು ಒಂದೆರಡು ವರ್ಷ ಏರಿಸಬಹುದು. ಏರಿಸಿದರೆ ಆ 8.194 ಇಳಿಯುತ್ತದೆ. ನಿನ್ನ ಹೊಟ್ಟೆಯನ್ನು ಯಾವ ಡಾಕ್ಟರಿಗೂ ತೋರಿಸಬೇಡ.

ಹದಿನೈದು ವರ್ಷ ಎಣಿಸುವುದು ಕಡಿತ ಶುರುವಾದ ದಿನದಿಂದ, ನಿವೃತ್ತಿಯ ದಿನದಿಂದಲ್ಲ. ಸಾಮಾನ್ಯವಾಗಿ ಎರಡೂ ಒಟ್ಟೊಟ್ಟಿಗೇ ಬರುತ್ತವೆ, ಆದರೆ ಇಡಿಗಂಟು ತಡವಾಗಿ ಬಂದರೆ ಕಡಿತವೂ ತಡವಾಗಿ ಶುರುವಾಗುತ್ತದೆ. ನಮ್ಮಣ್ಣ ರಿಟೈರ್ ಆದದ್ದು 2016ರ ಜನವರಿ ಕೊನೆಗೆ, ಏಳನೇ ವೇತನ ಆಯೋಗದ ಆದೇಶ ಹೊರಡುವ ಮುಂಚೆ. ಮೊದಲು ಹಳೇ ಪಿಂಚಣಿಯ ಮೇಲೆ ಒಂದು ಗಂಟು ಬಂತು, ಪರಿಷ್ಕರಣೆ ಆದ ಮೇಲೆ 2017ರಲ್ಲಿ ಹೆಚ್ಚುವರಿ ಗಂಟು. ಹಾಗಾಗಿ ಅವನ ಪಿಂಚಣಿ ಎರಡು ಕಂತಿನಲ್ಲಿ ಮರಳಬೇಕು, ಒಂದು 2031ರಲ್ಲಿ, ಇನ್ನೊಂದು 2032ರಲ್ಲಿ. ಬ್ಯಾಂಕಿನ ದಾಖಲೆಯಲ್ಲಿ ಎರಡನೇ ದಿನಾಂಕವೇ ಇರಲಿಲ್ಲ. ಹಣ ಜಮೆಯಾದ ಪಾಸ್‌ಬುಕ್ ಪುಟವನ್ನು ಅತ್ತಿಗೆ ಎತ್ತಿಟ್ಟಿದ್ದರು, ಅದರಿಂದ ಸರಿಹೋಯಿತು. ಬ್ಯಾಂಕಿನವರು ತಾವಾಗಿಯೇ ಕಡಿತ ನಿಲ್ಲಿಸಬೇಕು, ನಿಜ. ಆದರೂ ತಿಂಗಳ ಪಿಂಚಣಿ ಚೀಟಿಯಲ್ಲಿ ಕಮ್ಯುಟೇಶನ್ ಕಡಿತದ ಸಾಲು ಹದಿನೈದು ತುಂಬಿದ ಮೇಲೂ ಕಂಡರೆ ಒಂದು ಅರ್ಜಿ ಗೀಚು. ಈಗಲೇ ಪಿಂಚಣಿ ಪಾವತಿ ಆದೇಶದ ಪ್ರತಿಯ ಮೇಲೆ ಆ ದಿನಾಂಕ ಬರೆದಿಟ್ಟುಕೋ, ಎಪ್ಪತ್ತೈದಕ್ಕೆ ನಿನಗೆ ನಿನ್ನ ಹೆಸರು ನೆನಪಿದ್ದರೆ ಹೆಚ್ಚು.

ನಲವತ್ತೇ ಹಾಕಬೇಕೆಂದಿಲ್ಲ, ಅದರೊಳಗೆ ಎಷ್ಟು ಬೇಕಾದರೂ ಹಾಕಬಹುದು. ನಾನು ಪೂರ್ತಿ ನಲವತ್ತು ಹಾಕುವವನಿದ್ದೆ. ಈಗ ಮನೆಸಾಲಕ್ಕೆ ಬೇಕಾದಷ್ಟೇ, ಇಪ್ಪತ್ತು ಹಾಕುತ್ತಿದ್ದೇನೆ. ನೀನು ನಲವತ್ತು ಹಾಕು. ಎಪ್ಪತ್ತೈದಕ್ಕೆ ಇಬ್ಬರೂ ಕೂತು ಯಾರಿಗೆ ಲಾಭವಾಯಿತು ಅಂತ ನೋಡೋಣ, ಸೋತವನು ಊಟ ಕೊಡಿಸಬೇಕು. ಅಷ್ಟರಲ್ಲಿ ನಾನಿಲ್ಲದಿದ್ದರೆ ಗೆದ್ದವನು ನಾನೇ. ಊಟ ನಿನ್ನದೇ.

ನಿನ್ನ
ಕಿಟ್ಟಿ

(ತಾ.ಕ.: ಇವಳು ಇದನ್ನು ಓದುತ್ತಾಳೆ. ಇವಳು ಕೇಳಿದರೆ ಆ ಕಾಲಂ ನಿನ್ನ ಐಡಿಯಾ ಅಂತ ಒಪ್ಪಿಕೋ.)