ಆರೋಗ್ಯ ದಿನದ ಮದ್ಯದ ಪೋಸ್ಟರ್: ಬರಹ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಶುಕ್ರವಾರದ ಆರೋಗ್ಯ ದಿನಕ್ಕೆ ಪೋಸ್ಟರ್ ಬರೆಯುತ್ತಿರುವವರು ದಯವಿಟ್ಟು ಗಮನಿಸಿ.

‘ಒಂದು ಗುಟುಕಿಗೆ ಮೆದುಳಿನ ಕೋಶಗಳು ಸಾಯುತ್ತವೆ’ ಎಂಬ ಸಾಲು ತೆಗೆಯಿರಿ. ಅದು ಸರಿಯಲ್ಲ, ಮಕ್ಕಳು ನಂಬುವುದೂ ಇಲ್ಲ. ಬದಲಿಗೆ ಹೀಗೆ ಬರೆಯಿರಿ:

*ಅದೇ ಲೋಟ, ಬೇರೆ ದೇಹ.* ಮದ್ಯ ದೇಹದ ನೀರಿನಲ್ಲಿ ಹರಡುತ್ತದೆ. 70 ಕಿಲೋ ತೂಕದವರಲ್ಲಿ ಸುಮಾರು 42 ಲೀಟರ್ ನೀರಿದ್ದರೆ, 40 ಕಿಲೋದವರಲ್ಲಿ ಸುಮಾರು 24 ಲೀಟರ್. 10 ಗ್ರಾಂ ಆಲ್ಕೋಹಾಲ್ ಮೊದಲನೆಯವರಲ್ಲಿ ಲೀಟರಿಗೆ 0.24 ಗ್ರಾಂ, ಎರಡನೆಯವರಲ್ಲಿ 0.42 ಗ್ರಾಂ. (ಅಂದಾಜು ಲೆಕ್ಕ, ಗಣಿತದ ಮೇಷ್ಟ್ರು ಒಮ್ಮೆ ನೋಡಿಬಿಡಿ.)

*ಸಕ್ಕರೆ ಕುಸಿಯುತ್ತದೆ.* ಯಕೃತ್ತು ಮದ್ಯವನ್ನು ಕರಗಿಸುವಾಗ ಹೊಸ ಗ್ಲೂಕೋಸ್ ತಯಾರಿಕೆ ತಗ್ಗುತ್ತದೆ. ಚಿಕ್ಕವರ ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹವೂ ಕಡಿಮೆ. ಹೊಟ್ಟೆ ಖಾಲಿಯಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನೋಡುವವರಿಗೆ ಅದು ಅಮಲಿನ ನಿದ್ದೆಯಂತೆ ಕಾಣುತ್ತದೆ, ತೊಂದರೆ ಇರುವುದು ಇಲ್ಲೇ.

ಆದ್ದರಿಂದ ಕೆಳಗಿನ ಸಾಲು ಕೆಂಪು ಅಕ್ಷರದಲ್ಲಿ, ದೊಡ್ಡದಾಗಿ ಇರಲಿ: ‘ಕರೆದರೆ ಏಳದಿದ್ದರೆ, ಉಸಿರು ನಿಧಾನವಾದರೆ, ಮೈ ತಣ್ಣಗಾದರೆ ಮಗ್ಗುಲಿಗೆ ಮಲಗಿಸಿ, ಆಂಬುಲೆನ್ಸ್ ಕರೆಯಿರಿ. ಒಬ್ಬರನ್ನೇ ಬಿಡಬೇಡಿ, ಕಾಫಿ ಕುಡಿಸಬೇಡಿ.’ ಅಂಗಾತ ಮಲಗಿದವರಿಗೆ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು.

ಮೆದುಳಿಗೆ ಒಂದೇ ಸಾಲು ಸಾಕು: ‘ಯೋಚಿಸಿ ತಡೆದುಕೊಳ್ಳುವ ಭಾಗ ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ.’

ತಿದ್ದಿದ ಕರಡಿನ ಫೋಟೋ ಬುಧವಾರ ಸಂಜೆಯೊಳಗೆ ಇಲ್ಲಿಯೇ ಹಾಕಿ. ಕೆಂಪು ಸಾಲನ್ನು ಯಾರು ಬರೆಯುತ್ತೀರಿ, ಈಗಲೇ ಹೇಳಿ.